ನಮ್ಮ ಹೋಂಸ್ಟೇ ವೈಫೈಗೆ ಸೇರಿದವರಿಗೆ ಮಾತ್ರ ನಕಲಿ ಪುಟ ಬರ್ತಿದೆ, ಏನಿದು?

ಆನೆಗೊಂದಿ_ಅಂಗಳ · ಭಾನುವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ಆನೆಗೊಂದಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಐದು ರೂಮು, ಮುಂದೆ ಭತ್ತದ ಗದ್ದೆ. ಫೈಬರ್ ನೆಟ್ ಹಾಕಿಸಿದ್ದೇವೆ. ಅವರು ಕೊಟ್ಟ ಡಬ್ಬಿ ಒಂದೇ, ವೈಫೈಯೂ ಅದರಲ್ಲೇ.

ಹತ್ತು ದಿನದಿಂದ ಒಂದು ಕಾಟ ಶುರುವಾಗಿದೆ. ಅತಿಥಿಗಳು ವೈಫೈಗೆ ಸೇರಿ ಬಸ್ ಟಿಕೆಟ್ ಸೈಟ್ ತೆರೆದರೆ "ನಿಮ್ಮ ಬ್ರೌಸರ್ ಹಳೆಯದಾಗಿದೆ, ಅಪ್‌ಡೇಟ್ ಮಾಡಿ" ಅಂತ ಪುಟ ಬರುತ್ತೆ. ಒತ್ತಿದರೆ ಒಂದು ಎಪಿಕೆ ಇಳಿಯುತ್ತೆ. ಇನ್ನೊಬ್ಬರಿಗೆ ಬ್ಯಾಂಕ್ ಪುಟವೇ ಬಂತು. ನೋಡಲು ಥೇಟ್ ಅದೇ, ಆದರೆ ಲಾಗಿನ್ ಜೊತೆಗೆ ಎಟಿಎಂ ಪಿನ್ನೂ ಕೇಳುತ್ತೆ! ವೈಫೈ ತೆಗೆದು ಮೊಬೈಲ್ ಡೇಟಾ ಹಾಕಿದರೆ ಎಲ್ಲ ಸರಿ.

ವಿಚಿತ್ರ ಅಂದ್ರೆ ನನ್ನ ಫೋನಲ್ಲಿ ಇದೇ ವೈಫೈಯಲ್ಲಿ ಏನೂ ಆಗಲ್ಲ. ಅದಕ್ಕೇ ಮೊದಲು ಬಂದ ಇಬ್ಬರಿಗೆ "ನಿಮ್ಮ ಫೋನಲ್ಲೇ ವೈರಸ್ ಇರಬೇಕು ಸರ್" ಅಂತ ಹೇಳಿ ಕಳಿಸಿಬಿಟ್ಟೆ. ಈಗ ಐದನೆಯವರು. ಒಬ್ಬರು ರಿವ್ಯೂನಲ್ಲಿ "ಊಟ ಚೆನ್ನಾಗಿದೆ, ವೈಫೈ ಮಾತ್ರ ಮುಟ್ಟಬೇಡಿ" ಅಂತ ಬರೆದಿದ್ದಾರೆ.

---

ಸಿಂಧನೂರು_ಸೀನ · 9:50

ಡಬ್ಬಿ ಆಫ್ ಮಾಡಿ ಆನ್ ಮಾಡಿ ನೋಡಿ.

ಆನೆಗೊಂದಿ_ಅಂಗಳ · 9:53

ಇಲ್ಲಿ ಕರೆಂಟೇ ದಿನಕ್ಕೆ ನಾಲ್ಕು ಸಲ ಆ ಕೆಲಸ ಮಾಡಿಕೊಡುತ್ತೆ ಅಣ್ಣ.

ಮಾನ್ವಿ_ಟೀಚರ್ · 10:05

ನನಗೂ ಹೀಗೇ ಆಗಿತ್ತು. ವಾಟ್ಸಾಪಲ್ಲಿ ಮದುವೆ ಕಾರ್ಡ್ ಅಂತ ಒಂದು ಎಪಿಕೆ ಬಂತು. ನಮ್ಮ ಅತ್ತೆಯವರು ಒತ್ತಿದರು. ಆಮೇಲೆ ಅವರ ನಂಬರಿಂದ ಇಡೀ ಬಳಗಕ್ಕೆ ಅದೇ ಕಾರ್ಡ್ ಹೋಯಿತು. ಇಬ್ಬರು ಸೀರೆ ಬೇರೆ ತಗೊಂಡಿದ್ದರು ಮದುವೆಗೆ ಅಂತ. ನೀವು ವಾಟ್ಸಾಪ್ ತೆಗೆದು ಮತ್ತೆ ಹಾಕಿ.

ವಿಕ್ಕಿ_ರಾಯಚೂರು · 10:11

ಟೀಚರ್, ಇದು ವಾಟ್ಸಾಪ್ ವಿಷಯ ಅಲ್ಲ 🙂 ಇದು ಡಿಎನ್‌ಎಸ್ ಕಳ್ಳತನ. ಯಾರೋ ರಷ್ಯಾದಿಂದ ನಿಮ್ಮ ರೌಟರ್‌ಗೆ ನುಗ್ಗಿದ್ದಾರೆ. ಫೋನಲ್ಲಿ ಡಿಎನ್‌ಎಸ್ 8.8.8.8 ಅಂತ ಹಾಕಿಕೊಳ್ಳಿ, ಮುಗೀತು. ಅತಿಥಿಗಳಿಗೂ ಹೇಳಿ, ವಿಳಾಸದ ಪಕ್ಕ ಬೀಗದ ಗುರುತು ಇದ್ದರೆ ಸೈಟ್ ಅಸಲಿ, ಇಲ್ಲದಿದ್ದರೆ ನಕಲಿ. ಅಷ್ಟೇ.

ಕೊಪ್ಪಳ_ಕೋಟೆ · 10:20

ರಷ್ಯಾನೂ ಇಲ್ಲ ಏನೂ ಇಲ್ಲ. ಇದೆಲ್ಲ ನೆಟ್ ಕೊಡೋರದ್ದೇ ಕೆಲಸ. ಜಾಹೀರಾತು ತುರುಕಿ ದುಡ್ಡು ಮಾಡ್ತಾರೆ. ನಾನು ಮೊದಲಿಂದ ಹೇಳ್ತಾನೇ ಇದ್ದೀನಿ, ಯಾರು ಕೇಳ್ತಾರೆ?

ಫೈಬರ್_ಬಸಣ್ಣ · 10:48

ಬಳ್ಳಾರಿಯಲ್ಲಿ ಒಂಬತ್ತು ವರ್ಷದಿಂದ ಇದೇ ಡಬ್ಬಿ ಕೂರಿಸೋ ಕೆಲಸ ನಂದು. ವಿಕ್ಕಿ ಹೆಸರು ಸರಿ ಹೇಳಿದ್ದಾರೆ, ಉಳಿದದ್ದು ಅರ್ಧಂಬರ್ಧ.

ಗಂಗಾವತಿ ಬಸ್‌ಸ್ಟ್ಯಾಂಡಲ್ಲಿ ಇಳಿದವರು ಆಟೋದವನಿಗೆ ನಿಮ್ಮ ಹೋಂಸ್ಟೇ ಹೆಸರು ಹೇಳ್ತಾರೆ ಅಂದುಕೊಳ್ಳಿ. ಆಟೋದವನು ಕಳ್ಳನ ಕಡೆಯವನಾದರೆ ನಿಮ್ಮ ಮನೆಯ ಬೋರ್ಡನ್ನೇ ಹಾಕಿರೋ ಬೇರೆ ಮನೆ ಮುಂದೆ ಇಳಿಸ್ತಾನೆ. ಡಿಎನ್‌ಎಸ್ ಆ ಆಟೋದವನು. ಸೈಟಿನ ಹೆಸರು ಹೇಳಿದರೆ ಅದರ ನಂಬರಿಗೆ ಕರೆದುಕೊಂಡು ಹೋಗೋನು. ಯಾವ ಆಟೋ ಹತ್ತಬೇಕು ಅಂತ ಅತಿಥಿ ಫೋನಿಗೆ ಹೇಳೋದು ನಿಮ್ಮ ಡಬ್ಬಿ. ವೈಫೈಗೆ ಸೇರಿದ ಕ್ಷಣದಲ್ಲೇ ಹೇಳುತ್ತೆ. ಆ ಒಂದು ಸಾಲನ್ನು ಬದಲಿಸಿದರೆ ಸಾಕು, ಫೋನಿಗೆ ವೈರಸ್ ಬೇಕಾಗಿಲ್ಲ.

ಮೂರು ಪ್ರಶ್ನೆ. ನಿಮ್ಮ ಫೋನಲ್ಲಿ `Private DNS` ಅಂತ ಏನಾದರೂ ಹಾಕಿದ್ದೀರಾ? ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಈ ವೈಫೈಗೆ ಸೇರಿಸಿ, ಕಪ್ಪು ಕಿಟಕಿಯಲ್ಲಿ `ipconfig /all` ಹೊಡೆದು, ಡಿಎನ್‌ಎಸ್ ಸಾಲಲ್ಲಿ ಏನಿದೆ ಹೇಳಿ. ಡಬ್ಬಿಯ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ರಾ, ಇಲ್ಲ ತಂದಾಗಿಂದ ಅದೇನಾ?

ಸಿಗೋ ನಂಬರನ್ನು ಇಲ್ಲಿ ಹಾಗೇ ಅಂಟಿಸಬೇಡಿ. ಯಾರಾದರೂ ಕುತೂಹಲಕ್ಕೆ ತೆರೆದು ನೋಡ್ತಾರೆ. ಬದಲಿಸಿ ಹಾಕಿ.

ವಿಕ್ಕಿ_ರಾಯಚೂರು · 10:52

ಅರ್ಧಂಬರ್ಧ ಅಂದ್ರೆ ಹೇಗೆ? ಬೀಗದ ವಿಷಯ ಎಲ್ಲಾ ಕಡೆ ಬರೆದಿದ್ದಾರಲ್ಲ.

ಫೈಬರ್_ಬಸಣ್ಣ · 11:06

ಬೀಗ ಹೇಳೋದು ಇಷ್ಟೇ: ವಿಳಾಸದ ಪಟ್ಟಿಯಲ್ಲಿ ಯಾವ ಹೆಸರಿದೆಯೋ ಆ ಹೆಸರಿನವರ ಜೊತೆಗೇ ಮಾತಾಡ್ತಿದ್ದೀರಿ ಅಂತ. ಕಳ್ಳ ಏನು ಮಾಡ್ತಾನೆ, ಮೊದಲು ನಿಮ್ಮನ್ನು ತನ್ನ ಕಡೆ ಎಳೆದು, ಅಲ್ಲಿಂದ ಒಂದಕ್ಷರ ಆಚೀಚೆ ಇರೋ ಇನ್ನೊಂದು ಹೆಸರಿಗೆ ತಳ್ಳುತ್ತಾನೆ. ಆ ಹೆಸರು ಅವನದೇ. ಅದಕ್ಕೆ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತೆ, ಬೀಗವೂ ಬರುತ್ತೆ. ಮೇಲಾಗಿ ಕ್ರೋಮ್ 2023ರಲ್ಲೇ ಆ ಬೀಗದ ಚಿತ್ರ ತೆಗೆದು ಬೇರೆ ಗುರುತು ಹಾಕಿದೆ. ಅತಿಥಿಗಳು ಯಾವ ಬೀಗ ಹುಡುಕಬೇಕು?

ಆದರೆ ಒಂದು ಮಾತು ನಿಜ. ಕಳ್ಳನಿಗೆ ಬ್ಯಾಂಕಿನ ಸ್ವಂತ ಹೆಸರಲ್ಲಿ ಸರ್ಟಿಫಿಕೇಟ್ ಸಿಗಲ್ಲ. ಅದಕ್ಕೆ ಸರಿಯಾದ ಹೆಸರಿನ ಮೇಲೆಯೇ ನಕಲಿ ಪುಟ ತೋರಿಸಲು ಹೋದರೆ ಬ್ರೌಸರ್ ಕೆಂಪು ಎಚ್ಚರಿಕೆ ಕೊಡುತ್ತೆ. ಅಂಗಳದವರೇ, ಆ ಬ್ಯಾಂಕ್ ಪುಟ ಬಂದ ಅತಿಥಿ ಮಧ್ಯೆ ಏನಾದರೂ ಎಚ್ಚರಿಕೆ ದಾಟಿ ಹೋದರಾ ಕೇಳಿ.

ಆನೆಗೊಂದಿ_ಅಂಗಳ · 11:30

ಬಸಣ್ಣ, ಒಂದೊಂದಾಗಿ ಹೇಳ್ತೀನಿ.

ನನ್ನ ಫೋನಲ್ಲಿ `Private DNS` ಇದೆ! ಅಳಿಯ ಬಂದಾಗ ಜಾಹೀರಾತು ಬರಬಾರದು ಅಂತ `dns.adguard-dns.com` ಅಂತ ಏನೋ ಹಾಕಿಕೊಟ್ಟಿದ್ದ. ಮರೆತೇ ಬಿಟ್ಟಿದ್ದೆ.

ಆ ಅತಿಥಿಗೆ ಫೋನ್ ಮಾಡಿ ಕೇಳಿದೆ. "ಏನೋ ಕೆಂಪಗೆ ಬಂತು, ಹಳ್ಳಿ ನೆಟ್ ಅಲ್ವಾ ಅಂತ ಅಡ್ವಾನ್ಸ್ಡ್ ಒತ್ತಿ ಮುಂದೆ ಹೋದೆ" ಅಂದರು. ಪಿನ್ ಹಾಕಿಲ್ಲ, ಆದರೆ ಯೂಸರ್ ಹೆಸರು, ಪಾಸ್‌ವರ್ಡ್ ಎರಡೂ ಹಾಕಿದ್ದಾರಂತೆ.

ಡಬ್ಬಿಯ ಪಾಸ್‌ವರ್ಡ್ admin, admin. ನಾಚಿಕೆ ಆಗ್ತಿದೆ.

ಲ್ಯಾಪ್‌ಟಾಪಲ್ಲಿ ಬಂದದ್ದು ಇದು. ಮೊದಲ ನಂಬರ್ ನೀವು ಹೇಳಿದಂತೆ ಬದಲಿಸಿದ್ದೇನೆ:

```
Default Gateway . . . . . : 192.168.1.1
DHCP Server . . . . . . . : 192.168.1.1
DNS Servers . . . . . . . : 203.0.113.45
                            8.8.8.8
```

ಎರಡನೆಯದು ಗೂಗಲ್‌ದು ಅಂತ ಗೊತ್ತು. ಹಾಗಾದರೆ ಮೊದಲನೆಯದೂ ಗೂಗಲ್‌ದೇ ಇರಬಹುದಾ?

ಫೈಬರ್_ಬಸಣ್ಣ · 11:52

ಅಲ್ಲ. ಮೊದಲು ಆ ಅತಿಥಿಗೆ ಹೇಳಿ, ಮೊಬೈಲ್ ಡೇಟಾದಲ್ಲಿ ಪಾಸ್‌ವರ್ಡ್ ಬದಲಿಸಲಿ, ಬ್ಯಾಂಕಿಗೂ ತಿಳಿಸಲಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಲಿ. ತಡ ಆದಷ್ಟೂ ದುಡ್ಡು ಕೈ ದಾಟುತ್ತೆ.

ಈಗ ಆ ಎರಡು ಸಾಲು. ಸಾಮಾನ್ಯವಾಗಿ ಅಲ್ಲಿ 192.168.1.1 ಇರುತ್ತೆ, ಅಂದ್ರೆ ಡಬ್ಬಿಯೇ. ಇಲ್ಲ ನೆಟ್ ಕೊಡೋರ ನಂಬರ್ ಇರುತ್ತೆ. ಕಳ್ಳ ಎರಡನೇ ಜಾಗದಲ್ಲಿ 8.8.8.8 ಯಾಕೆ ಹಾಕ್ತಾನೆ ಗೊತ್ತಾ? ಅವನ ಸರ್ವರ್ ಬಿದ್ದರೂ ನಿಮ್ಮ ನೆಟ್ ನಡೀತಾ ಇರಲಿ ಅಂತ. ನೆಟ್ ನಿಂತರೆ ನೀವು ನಮ್ಮಂಥವರನ್ನು ಕರೆಸ್ತೀರಿ, ಅವನ ಆಟ ಬಯಲಾಗುತ್ತೆ. ಅವನ ಸರ್ವರ್ ಎಲ್ಲದಕ್ಕೂ ಸುಳ್ಳು ಹೇಳೋದೂ ಇಲ್ಲ. ನೂರು ಹೆಸರು ಕೇಳಿದರೆ ತೊಂಬತ್ತೆಂಟಕ್ಕೆ ಸರಿ ಉತ್ತರ ಕೊಡ್ತಾನೆ. ಯೂಟ್ಯೂಬ್ ಓಡುತ್ತೆ, ವಾಟ್ಸಾಪ್ ಓಡುತ್ತೆ. ಅವನಿಗೆ ಬೇಕಾದ ಎರಡೇ ಹೆಸರಿಗೆ ಸುಳ್ಳು.

ನಿಮ್ಮ ಫೋನ್ ಬಚಾವಾದದ್ದು ಅಳಿಯಂದಿರ ಪುಣ್ಯ. `Private DNS` ಜಾಗದಲ್ಲಿ ಹೆಸರು ಬರೆದಿದ್ದರೆ ಫೋನು ಡಬ್ಬಿ ಹೇಳಿದ್ದನ್ನು ಬಿಟ್ಟು ಅದನ್ನೇ ಕೇಳುತ್ತೆ, ಅದೂ ಗುಟ್ಟಾಗಿ. ಆದರೆ ಆಂಡ್ರಾಯ್ಡ್ 9ರಿಂದ ಮಾತ್ರ ಈ ಸೌಲಭ್ಯ. ತಂದಾಗಿಂದ ಅದು `Automatic` ಮೇಲೆ ಇರುತ್ತೆ. ಆಟೋಮ್ಯಾಟಿಕ್ ಇದ್ದರೆ ಕಳ್ಳನ ಸರ್ವರ್ "ನನಗೆ ಗುಟ್ಟಿನ ಮಾತು ಬರಲ್ಲ" ಅಂದ ಕೂಡಲೇ ಫೋನು ಮಾಮೂಲಿ ದಾರಿಗೆ ಬಂದುಬಿಡುತ್ತೆ. ನಿಮ್ಮ ಅತಿಥಿಗಳೆಲ್ಲ ಸಿಕ್ಕಿಬಿದ್ದದ್ದು ಹಾಗೆ.

ಗಟ್ಟಿ ಮಾಡಿಕೊಳ್ಳೋಣ. ತೊಂದರೆ ಆದ ಸೈಟಿನ ಹೆಸರು ಹಾಕಿ ಎರಡು ಸಲ ಕೇಳಿ. ಮೊದಲನೆಯದು ಡಬ್ಬಿ ಕೊಟ್ಟವನನ್ನು ಕೇಳುತ್ತೆ, ಎರಡನೆಯದು ಬೇರೆಯವನನ್ನು:

```
nslookup ಸೈಟಿನ-ಹೆಸರು
nslookup ಸೈಟಿನ-ಹೆಸರು 1.1.1.1
```

ವಿಕ್ಕಿ_ರಾಯಚೂರು · 11:58

ಅಯ್ಯೋ ನಮ್ಮ ಮನೇಲೂ ಕಳ್ಳತನ ಆಗಿದೆ! ಈಗ ಮಾಡಿ ನೋಡಿದೆ, ಒಂದು ದೊಡ್ಡ ಸೈಟಿಗೆ ಎರಡು ಸಲ ಎರಡು ಬೇರೆ ನಂಬರ್ ಬಂತು!!

ಫೈಬರ್_ಬಸಣ್ಣ · ಸೋಮವಾರ 12:04

ತಡೀರಿ ತಡೀರಿ. ದೊಡ್ಡ ಸೈಟುಗಳಿಗೆ ನೂರಾರು ಕಡೆ ಸರ್ವರ್ ಇರುತ್ತೆ. ಯಾರು ಕೇಳಿದರು, ಎಲ್ಲಿಂದ ಕೇಳಿದರು ಅನ್ನೋದರ ಮೇಲೆ ನಂಬರ್ ಬದಲಾಗುತ್ತೆ. ಬರೀ ನಂಬರ್ ಬೇರೆ ಬಂದರೆ ಅದು ಸಾಕ್ಷಿ ಅಲ್ಲ. ನಿಮ್ಮ ಡಿಎನ್‌ಎಸ್ ಸಾಲಲ್ಲಿ ಏನಿದೆ?

ವಿಕ್ಕಿ_ರಾಯಚೂರು · 12:06

192.168.0.1

ಫೈಬರ್_ಬಸಣ್ಣ · 12:07

ಮಲಗಿ. ಬೆಳಗ್ಗೆ ಡಬ್ಬಿಯ `WAN` ಪುಟದಲ್ಲಿ ನೋಡಿದರೆ ಆಯ್ತು.

ಆನೆಗೊಂದಿ_ಅಂಗಳ · ಸೋಮವಾರ ಬೆಳಗ್ಗೆ 7:15

ಮಾಡಿದೆ. ಬಸ್ ಟಿಕೆಟ್ ಸೈಟಿಗೆ ಮೊದಲ ಸಲ 203.0.113.46 ಬಂತು (ಇದೂ ಬದಲಿಸಿದ ನಂಬರ್). 1.1.1.1 ಹಾಕಿ ಕೇಳಿದರೆ ಸಂಪೂರ್ಣ ಬೇರೆ. ಆಮೇಲೆ ಬ್ಯಾಂಕಿನ ಹೆಸರು ಹಾಕಿದೆ. ಅದಕ್ಕೂ ಅದೇ 46! ಬ್ಯಾಂಕಿಗೂ ಬಸ್ಸಿಗೂ ಒಂದೇ ಮನೆ ನಂಬರ್ ಹೇಗೆ ಬರುತ್ತೆ?

ಫೈಬರ್_ಬಸಣ್ಣ · 7:40

ಅದೇ ಸಾಕ್ಷಿ. ಸಂಬಂಧವೇ ಇಲ್ಲದ ಎರಡು ಹೆಸರಿಗೆ ಒಂದೇ ನಂಬರ್, ಅದೂ ಆ ಡಿಎನ್‌ಎಸ್ ಸರ್ವರಿನ ಪಕ್ಕದ ಮನೆ. ಇನ್ನು ಅನುಮಾನ ಬೇಡ.

ಈಗ ಡಬ್ಬಿಯಲ್ಲಿ ಎರಡು ಕಡೆ ನೋಡಬೇಕು. ಬಹಳ ಜನ ಒಂದೇ ಕಡೆ ನೋಡಿ ಬಿಡ್ತಾರೆ. `WAN` ಪುಟದಲ್ಲಿ ಡಬ್ಬಿ ತಾನು ಯಾರನ್ನು ಕೇಳಬೇಕು ಅನ್ನೋದು ಇರುತ್ತೆ. `LAN` ಒಳಗೆ `DHCP Server` ಪುಟದಲ್ಲಿ ಸೇರಿದ ಫೋನುಗಳು ಯಾರನ್ನು ಕೇಳಬೇಕು ಅನ್ನೋದು ಇರುತ್ತೆ, `Primary DNS`, `Secondary DNS` ಅಂತ. ನಿಮ್ಮ ಲ್ಯಾಪ್‌ಟಾಪಿಗೆ ಕಳ್ಳನ ನಂಬರ್ ನೇರವಾಗಿ ಬಂದಿದೆ, ಅಂದ್ರೆ ಎರಡನೇ ಕಡೆ ಕೈಯಾಡಿಸಿದ್ದಾರೆ. ಮೊದಲನೇ ಕಡೆ ಬದಲಿಸಿದ್ದರೆ ಲ್ಯಾಪ್‌ಟಾಪಲ್ಲಿ ಪಾಪದ 192.168.1.1 ಅಂತಲೇ ಕಾಣ್ತಿತ್ತು, ಒಳಗೆ ಮಾತ್ರ ವಿಷ. ವಿಕ್ಕಿಗೆ `WAN` ನೋಡಿ ಅಂದದ್ದು ಅದಕ್ಕೇ.

ಏನೂ ಅಳಿಸಬೇಡಿ. ಮೊದಲು ಎರಡೂ ಪುಟ, `System Log` ಪುಟ ಫೋಟೋ ತೆಗೆದುಕೊಳ್ಳಿ. ಆಮೇಲೆ `WAN` ಪುಟದ ಪಿಪಿಪಿಒಇ ಯೂಸರ್ ಹೆಸರು, ವಿಲ್ಯಾನ್ ನಂಬರ್ ಬರೆದಿಟ್ಟುಕೊಳ್ಳಿ. ಪಾಸ್‌ವರ್ಡ್ ಚುಕ್ಕಿ ಚುಕ್ಕಿ ಕಾಣುತ್ತೆ, ಅದನ್ನು ಕೇಬಲ್‌ನವರ ಹತ್ತಿರ ಕೇಳಿ ಇಟ್ಟುಕೊಳ್ಳಿ. ಇವೆಲ್ಲ ಕೈಯಲ್ಲಿಲ್ಲದೆ ರೀಸೆಟ್ ಮಾತ್ರ ಒತ್ತಬೇಡಿ.

ಆನೆಗೊಂದಿ_ಅಂಗಳ · 7:58

ಬಸಣ್ಣ… ನೀವು ಬರೆಯೋ ಹೊತ್ತಿಗೆ ನಾನು ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿಯಾಗಿತ್ತು. ಸೀನ ಅವರು ನಿನ್ನೆ ಹೇಳಿದ್ದು ತಲೆಯಲ್ಲಿ ಉಳಿದಿತ್ತು. ಈಗ ಕೆಂಪು ದೀಪ. ನೆಟ್ಟೇ ಇಲ್ಲ. ಮೊಬೈಲಿಂದ ಬರೀತಿದ್ದೀನಿ.

ಸಿಂಧನೂರು_ಸೀನ · 8:01

ನಾನು ಆಫ್ ಆನ್ ಅಂದಿದ್ದೆ, ರೀಸೆಟ್ ಅಂದಿರಲಿಲ್ಲ. ದಾಖಲೆಗೆ ಇರಲಿ.

ಕೇಬಲ್_ಕಾರಟಗಿ · 8:30

ಇದನ್ನೆಲ್ಲ ಓದ್ತಾ ಇದ್ದೆ, ಈಗ ಬಾಯಿ ಬಿಡಲೇಬೇಕು. ನಾನೂ ಕನೆಕ್ಷನ್ ಕೊಡೋನು, ಆದರೆ ಅಂಗಳದವರ ಏರಿಯಾ ನಂದಲ್ಲ. ರೀಸೆಟ್ ಮಾಡಿ ಫೋನ್ ಮಾಡೋರು ವಾರಕ್ಕೆ ಮೂರು ಜನ. ಡಬ್ಬಿಯ ಒಳಗಿನ ಯೂಸರ್ ಹೆಸರು, ವಿಲ್ಯಾನ್ ಎಲ್ಲಾ ಅಳಿದು ಹೋಗಿರುತ್ತೆ. ಕೆಲವು ಕಂಪನಿ ದೂರದಿಂದಲೇ ಮತ್ತೆ ತುಂಬುತ್ತೆ, ಕೆಲವಕ್ಕೆ ಹುಡುಗ ಬೈಕ್ ಹತ್ತಿ ಬರಲೇಬೇಕು.

ಕೋಟೆಯವರೇ, ಎಲ್ಲಾ ನಮ್ಮ ತಲೆಗೆ ಕಟ್ಟಬೇಡಿ. ನಾವು ಕೊಡೋ ಡಿಎನ್‌ಎಸ್ `WAN` ಕಡೆಯಿಂದ ತಾನಾಗಿ ಬರುತ್ತೆ. ನಿಮ್ಮ ಮನೆಯ `DHCP` ಪುಟದಲ್ಲಿ ಬರೆಯೋದು ನಮಗೆ ಬೇಕಾಗಿಲ್ಲ.

ಕೊಪ್ಪಳ_ಕೋಟೆ · 8:44

ದೂರದಿಂದ ತುಂಬಬಹುದು ಅಂತ ಈಗ ತಾನೇ ಹೇಳಿದ್ರಿ. ತುಂಬೋರು ಬದಲಿಸೋಕೂ ಆಗುತ್ತೆ ಅಲ್ವಾ?

ಕೇಬಲ್_ಕಾರಟಗಿ · 8:47

ಆಗುತ್ತೆ. ಆದರೆ ಬ್ಯಾಂಕಿನ ನಕಲಿ ಪುಟ ಹಾಕಿ ಜೈಲಿಗೆ ಹೋಗೋಕೆ ತಿಂಗಳಿಗೆ ಐನೂರು ರೂಪಾಯಿ ಪ್ಲಾನ್ ಮಾರ್ತೀವಾ?

ಹೊಸಪೇಟೆ_ಹುಡುಗಿ · 9:10

ಒಂದು ಡೌಟು. ಹೊರಗಿನವರು ಹೇಗೆ ಒಳಗೆ ಬಂದರು? ವೈಫೈ ಪಾಸ್‌ವರ್ಡ್ ಇತ್ತಲ್ಲ?

ವಿಕ್ಕಿ_ರಾಯಚೂರು · 9:15

ಇಂಟರ್‌ನೆಟ್ ಕಡೆಯಿಂದ. ಎಲ್ಲಾ ರೌಟರ್‌ಗೂ ಒಂದು ಐಪಿ ಇರುತ್ತೆ, ಅಲ್ಲಿ admin ಅಂತ ಹೊಡೆದು ನೋಡ್ತಾರೆ.

ಫೈಬರ್_ಬಸಣ್ಣ · 1:20

ಮಧ್ಯಾಹ್ನ ಊಟಕ್ಕೆ ಕೂತಾಗ ಬರೀತಿದ್ದೀನಿ. ಹೊರಗಿಂದ ನುಗ್ಗಿದ ಕಥೆಗಳು ಇವೆ, ಸುಳ್ಳಲ್ಲ. 2014ರಲ್ಲಿ ಒಂದು ಭದ್ರತಾ ತಂಡ ಮೂರು ಲಕ್ಷ ಮನೆ ರೌಟರ್‌ಗಳ ಡಿಎನ್‌ಎಸ್ ಬದಲಾಗಿದ್ದನ್ನು ಪತ್ತೆ ಮಾಡಿತ್ತು, ಅದರಲ್ಲಿ ನಮ್ಮ ದೇಶದವೂ ತುಂಬಾ ಇದ್ದವು. ಆಗ ಕೆಲವು ಡಬ್ಬಿಗಳು ಪಾಸ್‌ವರ್ಡ್ ಇರೋ ಫೈಲನ್ನು ಕೇಳಿದವರಿಗೆಲ್ಲ ಕೊಡುತ್ತಿದ್ದವು.

ಆದರೆ ಈಗ ನಮ್ಮ ಕಡೆ ಬಹಳ ಕಡೆ ಡಬ್ಬಿಗೆ ಸ್ವಂತ ಹೊರಗಿನ ಐಪಿ ಇರಲ್ಲ. `WAN` ಪುಟದಲ್ಲಿ ಐಪಿ 100.64ರಿಂದ 100.127ರ ಒಳಗೆ ಇದ್ದರೆ ನೂರಾರು ಮನೆಗೆ ಸೇರಿ ಒಂದೇ ಬಾಗಿಲು ಅಂತ ಅರ್ಥ. ರಷ್ಯಾದವನಿಗೆ ನಿಮ್ಮ ಡಬ್ಬಿಯ ಬಾಗಿಲೇ ಕಾಣಲ್ಲ. ಅದೇ ಬಾಗಿಲ ಒಳಗಿರೋ ಪಕ್ಕದ ಮನೆಯವನಿಗೆ ಕಾಣಬಹುದು, ಅದು ಕೇಬಲ್‌ನವರು ಹೇಗೆ ಬೇಲಿ ಹಾಕಿದ್ದಾರೆ ಅನ್ನೋದರ ಮೇಲೆ.

ಹೋಂಸ್ಟೇ ಅಂದ್ರೆ ನನಗೆ ಅನುಮಾನ ಒಳಗಿನ ದಾರಿಯ ಮೇಲೇ. ವೈಫೈ ಪಾಸ್‌ವರ್ಡ್ ಅಡುಗೆಮನೆ ಗೋಡೆ ಮೇಲೆ ಬರೆದಿರ್ತೀರಿ. ಸೇರಿದ ಯಾವ ಫೋನಾದರೂ 192.168.1.1 ತೆರೆದು admin ಹೊಡೆಯಬಹುದು. ಮನುಷ್ಯನೇ ಕೂತು ಹೊಡೀಬೇಕು ಅಂತಿಲ್ಲ, ಫೋನಲ್ಲಿರೋ ಆ್ಯಪೇ ಹೊಡೆಯುತ್ತೆ. 2016ರ ಕೊನೆಗೆ ಕ್ಯಾಸ್ಪರ್‌ಸ್ಕಿಯವರು ಸ್ವಿಚರ್ ಅಂತ ಒಂದು ಆಂಡ್ರಾಯ್ಡ್ ಆ್ಯಪ್ ಹಿಡಿದಿದ್ದರು. ಅದು ಫೋನಿಗೆ ಏನೂ ಮಾಡ್ತಿರಲಿಲ್ಲ. ಸೇರಿದ ವೈಫೈ ರೌಟರ್‌ನಲ್ಲಿ admin, 123456 ಅಂತ ಒಂದೊಂದೇ ಹೊಡೆದು, ಒಳಗೆ ಹೋದರೆ ಮೊದಲ ಡಿಎನ್‌ಎಸ್ ತನ್ನದು, ಎರಡನೆಯದು 8.8.8.8 ಬರೆದು ಬರ್ತಿತ್ತು. ಚೀನಾದಲ್ಲಿ ಹರಡಿದ್ದು ಅದು. ನಿಮ್ಮಲ್ಲಿ ಅದೇ ಬಂದಿದೆ ಅನ್ನಲ್ಲ, ದಾರಿ ಅಂಥದ್ದೇ ಅಂತಿದ್ದೀನಿ.

ಸಿಂಧನೂರು_ಸೀನ · 1:31

ಊಟಕ್ಕೆ ಏನು ಬಸಣ್ಣ?

ಫೈಬರ್_ಬಸಣ್ಣ · 1:33

ಒಗ್ಗರಣಿ ಮಿರ್ಚಿ. ಇನ್ನೇನಿರುತ್ತೆ ಬಳ್ಳಾರಿಯಲ್ಲಿ ಬೀದಿಯಲ್ಲಿ ನಿಂತವನಿಗೆ?

ಹೊಸಪೇಟೆ_ಹುಡುಗಿ · 1:34

ಅದಕ್ಕೆ ಬೇರೆ ಚರ್ಚೆ ಶುರು ಮಾಡಿ. ಹಸಿವಾಗ್ತಿದೆ.

ಆನೆಗೊಂದಿ_ಅಂಗಳ · ಮಂಗಳವಾರ ಸಂಜೆ 6:20

ಕೇಬಲ್ ಹುಡುಗ ಇವತ್ತು ಬಂದು ಎಲ್ಲಾ ತುಂಬಿಕೊಟ್ಟ. `WAN` ಐಪಿ ನೂರರಿಂದಲೇ ಶುರು, ನೂರು ಚುಕ್ಕೆ ಎಂಬತ್ತೇನೋ. `DHCP` ಪುಟದಲ್ಲಿ ಎರಡೂ ಡಿಎನ್‌ಎಸ್ ಖಾಲಿ. ಆದರೂ ಎರಡನೇ ರೂಮಿನವರಿಗೆ ಇನ್ನೂ ನಕಲಿ ಪುಟವೇ ಬರ್ತಿದೆ. ತಲೆ ಕೆಟ್ಟಿದೆ.

ಫೈಬರ್_ಬಸಣ್ಣ · 6:34

ಅವರ ಫೋನು ಹಳೆಯ ಚೀಟಿಯನ್ನೇ ಜೇಬಲ್ಲಿ ಇಟ್ಟುಕೊಂಡಿದೆ. ಡಬ್ಬಿ ಫೋನಿಗೆ ಐಪಿ, ಡಿಎನ್‌ಎಸ್ ಕೊಡುವಾಗ ಇಷ್ಟು ಹೊತ್ತು ಇಟ್ಟುಕೋ ಅಂತ ಹೇಳಿರುತ್ತೆ. `Lease Time` ಅಂತ ಅದೇ ಪುಟದಲ್ಲಿದೆ. 86400 ಸೆಕೆಂಡ್ ಇದ್ದರೆ ಒಂದು ದಿನ. ಫೋನಲ್ಲಿ ಆ ವೈಫೈ ಮರೆಸಿ ಮತ್ತೆ ಸೇರಿಸಿ. ಲ್ಯಾಪ್‌ಟಾಪಾದರೆ ಈ ಮೂರು:

```
ipconfig /release
ipconfig /renew
ipconfig /flushdns
```

ಬ್ರೌಸರ್ ಒಂದು ಸಲ ಪೂರ್ತಿ ಮುಚ್ಚಿ ತೆಗೀರಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿದ್ರಿ ತಾನೆ?

ಆನೆಗೊಂದಿ_ಅಂಗಳ · 6:51

ಮರೆಸಿ ಸೇರಿಸಿದ ಮೇಲೆ ಸರಿ ಹೋಯಿತು! ಪಾಸ್‌ವರ್ಡ್ ನಾಳೆ ಬದಲಿಸ್ತೀನಿ, ಈಗ ಗುಂಪು ಬಂದಿದೆ, ರೊಟ್ಟಿ ಬಡೀಬೇಕು.

ಫೈಬರ್_ಬಸಣ್ಣ · 6:52

ಇವತ್ತೇ ಮಾಡಿ.

ಆನೆಗೊಂದಿ_ಅಂಗಳ · ಗುರುವಾರ ಬೆಳಗ್ಗೆ 6:40

ಮಾಡಲಿಲ್ಲ. ಅದೇ ನಂಬರ್ ಮತ್ತೆ ಬಂದು ಕೂತಿದೆ 😞

ಈ ಸಲ ಬುದ್ಧಿ ಬಂದು ಮೊದಲು `System Log` ನೋಡಿದೆ. ಮಂಗಳವಾರ ರಾತ್ರಿಯಿಂದ ಅಪರೂಪಕ್ಕೆ ಕರೆಂಟ್ ಹೋಗಿರಲಿಲ್ಲ, ಅದಕ್ಕೆ ಉಳಿದಿದೆ. ಒಂದು ಸಾಲು ಹೀಗಿದೆ:

```
1970-01-02 07:12:40 web login admin 192.168.1.104
```

1970 ಅಂದ್ರೆ ಏನು? ನಾನು ಹುಟ್ಟೇ ಇರಲಿಲ್ಲ.

ಫೈಬರ್_ಬಸಣ್ಣ · 7:05

ಡಬ್ಬಿಗೆ ಗಡಿಯಾರ ಇರಲ್ಲ. ನೆಟ್‌ನಿಂದ ಸಮಯ ತಂದುಕೊಳ್ಳದಿದ್ದರೆ ಆನ್ ಆದ ಹೊತ್ತನ್ನು 1970 ಜನವರಿ 1 ಅಂತ ಹಿಡಿದು ಎಣಿಸುತ್ತೆ. ಅದರಲ್ಲಿ ಕೆಲವು ಡಬ್ಬಿ ನಮ್ಮ ದೇಶದ ಐದೂವರೆ ಗಂಟೆಯನ್ನೂ ಸೇರಿಸುತ್ತವೆ, ಅದು ಬಿಡಿ. ಆನ್ ಆಗಿ ಒಂದು ದಿನ ದಾಟಿದ ಮೇಲೆ ಯಾರೋ 104ರಿಂದ ಅಡ್ಮಿನ್ ಪುಟಕ್ಕೆ ಹೋಗಿದ್ದಾರೆ. ಆ ಹೊತ್ತಲ್ಲಿ ನೀವು ಹೋಗಿದ್ರಾ? ಇಲ್ಲದಿದ್ದರೆ `DHCP Client List` ನೋಡಿ, 104 ಯಾರ ಫೋನು ಅಂತ ಹೆಸರು ಇರಬಹುದು.

ಆನೆಗೊಂದಿ_ಅಂಗಳ · 7:30

ನಾನಲ್ಲ. ಪಟ್ಟಿಯಲ್ಲಿ ಫೋನಿನ ಮಾಡೆಲ್ ಹೆಸರಿತ್ತು. ಅದು ಅತಿಥಿಯದಲ್ಲ ಕಣ್ರೀ, ನಮ್ಮ ಅಡುಗೆಮನೆಯಲ್ಲಿ ಕೆಲಸಕ್ಕಿರೋ ನಮ್ಮಕ್ಕನ ಮಗನದು! ಐದು ಜನ ಅತಿಥಿಗಳನ್ನು ಬೈದುಕೊಂಡಿದ್ದೆ.

ಕೇಳಿದೆ. ಅಳುಮುಖ ಮಾಡಿಕೊಂಡ. ಏನೂ ಮಾಡಿಲ್ಲ ಮಾಮ ಅಂತಾನೆ. ಫೋನಲ್ಲಿ ಕ್ರಿಕೆಟ್ ಪುಕ್ಕಟೆ ನೋಡೋ ಒಂದು ಎಪಿಕೆ ಇದೆ. ಟೆಲಿಗ್ರಾಮಿಂದ ಇಳಿಸಿದ್ದಂತೆ, ಎರಡು ವಾರ ಆಯ್ತಂತೆ.

ಮಾನ್ವಿ_ಟೀಚರ್ · 7:41

ನಾನು ಮೊದಲೇ ಹೇಳಿದ್ದೆ ಎಪಿಕೆ ಅಂತ.

ವಿಕ್ಕಿ_ರಾಯಚೂರು · 7:43

ಟೀಚರ್ ಗೆದ್ದರು 😄

ಹೊಸಪೇಟೆ_ಹುಡುಗಿ · 7:50

ಆ ಹುಡುಗನನ್ನೇ ಕಳ್ಳ ಅನ್ನಬೇಡಿ ಪಾಪ. ಎಪಿಕೆ ಮಾಡಿದ್ದೇ ಅಂತ ಖಾತ್ರಿ ಏನು? ಯಾವುದೋ ಕೆಟ್ಟ ಪುಟ ಅವನ ಬ್ರೌಸರ್ ಮೂಲಕವೇ 192.168.1.1ಗೆ ಆಜ್ಞೆ ಕಳಿಸಿರಬಹುದು. ಹಳೆ ರೌಟರ್‌ಗಳಲ್ಲಿ ಹಾಗೂ ಆಗುತ್ತೆ ಅಂತ ಓದಿದ್ದೇನೆ.

ಫೈಬರ್_ಬಸಣ್ಣ · 8:15

ಅಕ್ಕ ಹೇಳಿದ್ದು ಸರಿ. ಲಾಗ್ ಯಾವ ಫೋನಿಂದ ಅಂತ ಹೇಳುತ್ತೆ, ಫೋನಿನ ಒಳಗೆ ಯಾರು ಅಂತ ಹೇಳಲ್ಲ. ಪುಟ ತೆರೆದರೆ ಅದರ ಒಳಗೆ ಅಡಗಿರೋ ಸಾಲು ಬ್ರೌಸರ್‌ನಿಂದಲೇ ಡಬ್ಬಿಗೆ ಹೋಗಬಹುದು, admin ಪಾಸ್‌ವರ್ಡ್ ಹಾಗೇ ಇದ್ದರೆ ಇನ್ನೂ ಸುಲಭ. ಎರಡು ಸಲವೂ ಅದೇ ಆಗಿದೆ ಅಂದ್ರೆ ನನ್ನ ಓಟು ಆ್ಯಪಿಗೆ. ಆದರೆ ಬರೆದುಕೊಡಲ್ಲ.

ಮಾಡಬೇಕಾದ್ದು ಮಾತ್ರ ಎರಡಕ್ಕೂ ಒಂದೇ. ಹುಡುಗನ ಫೋನನ್ನು ಮೊದಲು ವೈಫೈಯಿಂದ ತೆಗೀರಿ. ಫೋಟೋ, ನಂಬರ್ ಉಳಿಸಿಕೊಂಡು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿ. ಆಮೇಲೆ ಡಬ್ಬಿ. ಈ ಸಲ ರೀಸೆಟ್ ಬೇಡ, `DHCP` ಪುಟದ ಎರಡು ನಂಬರ್ ಅಳಿಸಿದರೆ ಸಾಕು. ಆದರೆ ಅದಕ್ಕೂ ಮೊದಲು ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ವೈಫೈ ಪಾಸ್‌ವರ್ಡ್‌ಗೆ ಸಂಬಂಧವೇ ಇಲ್ಲದ್ದು. `Remote Management` ಆನ್ ಇದ್ದರೆ ಆಫ್. ಹೊಸ ಫರ್ಮ್‌ವೇರ್ ಇದೆಯಾ ಅಂತ ಕೇಬಲ್‌ನವರನ್ನು ಕೇಳಿ. ಮೊದಲು ಯಾವಾಗಲೋ ಸೇವ್ ಮಾಡಿದ ಬ್ಯಾಕಪ್ ಫೈಲ್ ಇದ್ದರೆ ಅದನ್ನು ಮತ್ತೆ ಹಾಕಬೇಡಿ, ಕಳ್ಳನ ನಂಬರೂ ಅದರ ಜೊತೆಗೇ ವಾಪಸ್ ಬರುತ್ತೆ.

ಹೋಂಸ್ಟೇಗೆ ಮುಖ್ಯವಾದದ್ದು `Guest Network`. ಅತಿಥಿಗಳಿಗೆ ಬೇರೆ ಹೆಸರಿನ ವೈಫೈ ಕೊಡಿ, ಕೆಲಸದವರನ್ನೂ ಅದಕ್ಕೇ ಹಾಕಿ. ಅದಕ್ಕೆ ಸೇರಿದ ಫೋನಿಗೆ ನೆಟ್ ಸಿಗಬೇಕು, 192.168.1.1 ಪುಟ ಸಿಗಬಾರದು. ಎಲ್ಲಾ ಡಬ್ಬಿಯೂ ಇದನ್ನು ಸರಿಯಾಗಿ ಮಾಡಲ್ಲ. ಹಾಕಿದ ಮೇಲೆ ನೀವೇ ಸೇರಿ ಆ ಪುಟ ತೆರೆದು ನೋಡಿ.

ವಿಕ್ಕಿ_ರಾಯಚೂರು · 8:22

ನನ್ನ 8.8.8.8 ಐಡಿಯಾ ಪೂರ್ತಿ ತಪ್ಪಾ ಹಾಗಾದ್ರೆ?

ಫೈಬರ್_ಬಸಣ್ಣ · 8:29

ನಿಮ್ಮ ಒಂದು ಫೋನಿಗೆ ಸರಿ. ಬಂದು ಹೋಗೋ ಅತಿಥಿಗಳ ಫೋನಿಗೆಲ್ಲ ಯಾರು ಹಾಕ್ತಾರೆ? ಇನ್ನೊಂದು, ಡಬ್ಬಿಯ ಒಳಗೇ ಪೂರ್ತಿ ಕೂತವನು 8.8.8.8ಗೆ ಹೋಗೋ ಪ್ರಶ್ನೆಯನ್ನೂ ತನ್ನ ಕಡೆ ತಿರುಗಿಸಬಲ್ಲ. ಮಾಮೂಲಿ ಡಿಎನ್‌ಎಸ್ ಪ್ರಶ್ನೆ ತೆರೆದ ಪೋಸ್ಟ್‌ಕಾರ್ಡ್, 53ನೇ ಪೋರ್ಟಿಗೆ ಹೋಗುತ್ತೆ, ದಾರಿಯಲ್ಲಿ ಯಾರು ಬೇಕಾದರೂ ಹಿಡಿಯಬಹುದು. ಅಳಿಯಂದಿರು ಹಾಕಿದ್ದು ಮುಚ್ಚಿದ ಲಕೋಟೆ.

ಕೊಪ್ಪಳ_ಕೋಟೆ · 8:40

ಹಿಡಿಯೋರು ನೆಟ್ ಕೊಡೋರೂ ಇರಬಹುದು ಅಂತ ಒಪ್ಪಿದ ಹಾಗಾಯ್ತು.

ಕೇಬಲ್_ಕಾರಟಗಿ · 8:42

ನೀವು ಕನೆಕ್ಷನ್ ಕಟ್ ಮಾಡಿಸಿಬಿಡಿ ಅಣ್ಣ, ನೆಮ್ಮದಿ.

ಆನೆಗೊಂದಿ_ಅಂಗಳ · ಶನಿವಾರ ರಾತ್ರಿ 10:10

ಎಲ್ಲಾ ಮಾಡಿದೆ. ಗೆಸ್ಟ್ ವೈಫೈಯಿಂದ 192.168.1.1 ತೆರೆಯಲ್ಲ, ಸುತ್ತುತ್ತಾ ಇರುತ್ತೆ. ಎರಡು ದಿನ ಆಯ್ತು, `DHCP` ಪುಟ ಖಾಲಿಯೇ ಇದೆ. ದಿನಾ ಬೆಳಗ್ಗೆ ಹಾಲು ಕಾಸುವಾಗ ನೋಡ್ತೀನಿ. ಪಾಸ್‌ವರ್ಡ್ ಹಾಕಿದ್ದ ಅತಿಥಿಯ ದುಡ್ಡು ಹೋಗಿಲ್ಲ. ಮೊದಲಿಬ್ಬರಿಗೂ ಫೋನ್ ಮಾಡಿ ತಪ್ಪು ನಮ್ಮದೇ ಅಂತ ಹೇಳಿದೆ. ಒಬ್ಬರು ಫೋನನ್ನೇ ಹೊಸದು ತಗೊಂಡಿದ್ದಾರಂತೆ ನನ್ನ ಮಾತು ಕೇಳಿ. ಏನು ಹೇಳಲಿ ಅವರಿಗೆ?

ಸಿಂಧನೂರು_ಸೀನ · 10:14

ಒಂದು ರಾತ್ರಿ ಪುಕ್ಕಟೆ ಇಟ್ಟುಕೊಳ್ಳಿ. ನನ್ನನ್ನೂ ಕರೀರಿ.

ಮಾನ್ವಿ_ಟೀಚರ್ · 10:31

ಬಸಣ್ಣನವರೇ, ಇದನ್ನೆಲ್ಲ ಓದಿ ನಮ್ಮ ಮನೆಯದೂ ನೋಡಿದೆ. ಮಗಳು `WAN` ಪುಟ ತೆಗೆದುಕೊಟ್ಟಳು. ಅಲ್ಲಿ ಡಿಎನ್‌ಎಸ್ ಎದುರು ಕೈಯಿಂದ ಬರೆದ ಒಂದು ನಂಬರ್ ಇದೆ. 192 ಅಲ್ಲ, 8.8.8.8 ಕೂಡ ಅಲ್ಲ. ಎರಡನೆಯದು ಮಾತ್ರ 8.8.8.8. ಕೇಬಲ್ ಹುಡುಗನಿಗೆ ಫೋನ್ ಮಾಡಿದರೆ ಅದು ನಮ್ಮದಲ್ಲ ಮೇಡಂ ಅಂದ. ಪಿನ್ ತಗೊಂಡು ರೀಸೆಟ್ ಒತ್ತಲಾ?

ಫೈಬರ್_ಬಸಣ್ಣ · 10:32

ಟೀಚರ್, ಪಿನ್ ಕೆಳಗಿಡಿ. ಮೊದಲು ಫೋಟೋ.